ಕಾಟಾ ಚೀಟಿ ಬಿಲ್ಲಿನ ಪ್ರಿಂಟರಿಗೆ ಹೋದದ್ದೇಕೆ?

ಶಹಾಬಾದಿನಿಂದ ವಾಡಿಯ ಕಡೆಗೆ, ವಾಡಿಯಿಂದ ಚಿತ್ತಾಪುರ, ಸೇಡಂ ಕಡೆಗೆ ಹೋಗುವ ರಸ್ತೆಗಳ ಬದಿಯಲ್ಲಿ ಲಾರಿ ತೂಗುವ ವೇಬ್ರಿಜ್‌ಗಳು ಕಾಣುತ್ತವೆ. ಊರವರ ಬಾಯಲ್ಲಿ ಅದು ಕಾಟಾ. ಪರಸಿ ಕಲ್ಲು ಹೇರಿದ ಲಾರಿ, ಸಿಮೆಂಟ್ ಕಾರ್ಖಾನೆಗೆ ಕಲ್ಲಿದ್ದಲು ತಂದ ಲಾರಿ, ಸುಗ್ಗಿಯಲ್ಲಿ ಚಿಂಚೋಳಿ, ಸೇಡಂ ಕಡೆಯಿಂದ ದಾಲ್ ಮಿಲ್ಲಿಗೆ ತೊಗರಿ ಒಯ್ಯುವ ಟ್ರ್ಯಾಕ್ಟರು, ಎಲ್ಲವೂ ಅದರ ಮೇಲೆ ಹತ್ತಿ ಇಳಿಯುತ್ತವೆ. ಪಕ್ಕದ ಸಣ್ಣ ಕೋಣೆಯಲ್ಲಿ ಒಂದು ಕಂಪ್ಯೂಟರ್, ಎರಡು ಪ್ರಿಂಟರ್. ಒಂದು ಕರ್ ಕರ್ ಸದ್ದು ಮಾಡುವ ಡಾಟ್ ಮ್ಯಾಟ್ರಿಕ್ಸ್. ಅದರಲ್ಲಿ ತೂಕದ ಚೀಟಿ ಬರುತ್ತದೆ. ಇನ್ನೊಂದು ಲೇಸರ್, ಅದರಲ್ಲಿ ಬಿಲ್ಲು, ಇ-ವೇ ಬಿಲ್ಲು ಬರುತ್ತವೆ.

ಇಂಥ ಕೋಣೆಯಲ್ಲಿ ಕೂತು ಕೆಲಸ ಮಾಡುವವರೆಲ್ಲ ಒಂದಲ್ಲ ಒಂದು ದಿನ ಹೇಳುವ ಮಾತಿದು: “ಮುಂಜಾನಿ ಛಲೋ ಇತ್ತ್ರೀ. ಈಗ ನೋಡ್ರಿ, ಕಾಟಾ ಚೀಟಿ ಬಿಲ್ಲಿನ ಪ್ರಿಂಟರ್‌ದಾಗ ಬರ್ಲಾಕತ್ತದ. ನಾ ಏನೂ ಮುಟ್ಟಿಲ್ರೀ.”

ಆ ಮಾತು ಅಕ್ಷರಶಃ ನಿಜ. ಅವರು ಏನನ್ನೂ ಮುಟ್ಟಿರುವುದಿಲ್ಲ. ವೈರಸ್ ಬಂದಿರುವುದಿಲ್ಲ, ಕೇಬಲ್ ಸಡಿಲವಾಗಿರುವುದಿಲ್ಲ, ಪ್ರಿಂಟರ್ ಕೆಟ್ಟಿರುವುದಿಲ್ಲ. ವಿಂಡೋಸ್ ತನಗೆ ಕೊಟ್ಟ ಒಂದು ನಿಯಮವನ್ನು ತಪ್ಪದೆ ಪಾಲಿಸಿರುತ್ತದೆ. ಆ ನಿಯಮ ಯಾವುದು, ಅದು ಈ ಕೋಣೆಗೆ ಏಕೆ ಒಗ್ಗುವುದಿಲ್ಲ, ಅದನ್ನು ನಿಲ್ಲಿಸಿ ನಮ್ಮ ಆಯ್ಕೆಯನ್ನೇ ಉಳಿಸಿಕೊಳ್ಳುವುದು ಹೇಗೆ ಎಂಬುದೇ ಈ ಅಧ್ಯಾಯದ ವಿಷಯ.

ಕೇಳುವ ಪ್ರೋಗ್ರಾಂ, ಕೇಳದ ಪ್ರೋಗ್ರಾಂ

ಮೊದಲು ಒಂದು ವ್ಯತ್ಯಾಸವನ್ನು ಗಮನಿಸಬೇಕು. ಬ್ರೌಸರಿನಲ್ಲಿ ಇ-ವೇ ಬಿಲ್ ತೆರೆದು ಪ್ರಿಂಟ್ ಒತ್ತಿದರೆ ಒಂದು ಕಿಟಕಿ ಬಂದು, ಯಾವ ಪ್ರಿಂಟರ್, ಎಷ್ಟು ಪ್ರತಿ ಎಂದು ಕೇಳುತ್ತದೆ. ವರ್ಡ್, ಎಕ್ಸೆಲ್ ಕೂಡ ಹಾಗೆಯೇ. ಇವು ಕೇಳುವ ಪ್ರೋಗ್ರಾಂಗಳು.

ತೂಕದ ಸಾಫ್ಟ್‌ವೇರ್‌ಗಳಲ್ಲಿ ಬಹಳಷ್ಟು ಹಾಗಲ್ಲ. ಲಾರಿ ಕಾಟಾದ ಮೇಲೆ ನಿಂತಿದೆ, ಹಿಂದೆ ನಾಲ್ಕು ಲಾರಿ ಹಾರ್ನ್ ಹಾಕುತ್ತಿವೆ. ಆಗ ಪ್ರತಿ ಸಲವೂ ಪ್ರಿಂಟರ್ ಆರಿಸುತ್ತ ಕೂರಲು ಯಾರಿಗೂ ಪುರುಸೊತ್ತಿಲ್ಲ. ಹಾಗಾಗಿ ಒಂದು ಕೀಲಿ ಒತ್ತಿದೊಡನೆ ಚೀಟಿ ಹೊರಬರುವಂತೆ ಅವನ್ನು ಬರೆದಿರುತ್ತಾರೆ. ಪ್ರೋಗ್ರಾಂ ಬಳಕೆದಾರರನ್ನು ಕೇಳುವುದಿಲ್ಲ, ವಿಂಡೋಸನ್ನು ಕೇಳುತ್ತದೆ: ಈ ಕಂಪ್ಯೂಟರಿನಲ್ಲಿ ರೂಢಿಯ ಪ್ರಿಂಟರ್ ಯಾವುದು? ಉತ್ತರ ಬಂದ ಕಡೆಗೆ ಚೀಟಿಯನ್ನು ಕಳಿಸಿಬಿಡುತ್ತದೆ. ತೆರೆಯ ಮೇಲೆ `Default` ಎಂದು ಕಾಣಿಸುವ ಈ ಪ್ರಿಂಟರನ್ನು ನಾವು ರೂಢಿ ಪ್ರಿಂಟರ್ ಎಂದೇ ಕರೆಯೋಣ.

ಚೀಟಿ ತಪ್ಪು ಕಡೆಗೆ ಹೋದರೆ ಆಗುವ ನಷ್ಟ ಒಂದು ಹಾಳೆಯದಷ್ಟೇ ಅಲ್ಲ. ತೂಕದ ಚೀಟಿ ಸಾಮಾನ್ಯವಾಗಿ ಮೂರು ಪದರದ ಕಾಗದದಲ್ಲಿರುತ್ತದೆ: ಡ್ರೈವರಿಗೆ ಒಂದು, ಮಾಲು ಕೊಳ್ಳುವವರಿಗೆ ಒಂದು, ಕಚೇರಿಗೆ ಒಂದು. ಡಾಟ್ ಮ್ಯಾಟ್ರಿಕ್ಸಿನ ಸೂಜಿಗಳು ರಿಬ್ಬನ್ ಮೇಲಿಂದ ಕಾಗದಕ್ಕೆ ಕುಟ್ಟುವುದರಿಂದ ಮೂರೂ ಪದರಗಳಲ್ಲಿ ಅಂಕಿ ಒಮ್ಮೆಗೇ ಮೂಡುತ್ತದೆ. ಲೇಸರಿನಲ್ಲಿ ಆ ಪೆಟ್ಟು ಇಲ್ಲ. ಇನ್ನೂ ಒಂದು ತೊಡಕಿದೆ. ಕೆಲವು ಹಳೆಯ ಸಾಫ್ಟ್‌ವೇರ್‌ಗಳು ಡಾಟ್ ಮ್ಯಾಟ್ರಿಕ್ಸಿಗೆ ಮಾತ್ರ ತಿಳಿಯುವ ಸಂಕೇತಗಳನ್ನು ನೇರವಾಗಿ ಕಳಿಸುತ್ತವೆ. ಅವು ಲೇಸರಿಗೆ ತಲುಪಿದರೆ ಕೆಲವು ಮಾದರಿಗಳು ದೀಪ ಮಿಟುಕಿಸುತ್ತ ಸುಮ್ಮನಿರುತ್ತವೆ, ಕೆಲವು ಅರ್ಥವಿಲ್ಲದ ಚಿಹ್ನೆಗಳನ್ನು ಹಾಳೆ ಹಾಳೆಗೆ ಹೊಡೆಯುತ್ತವೆ. ನೋಡಿದವರು ಪ್ರಿಂಟರ್ ಕೆಟ್ಟಿತೆಂದು ಮೆಕ್ಯಾನಿಕ್‌ಗೆ ಫೋನ್ ಮಾಡುತ್ತಾರೆ. ಅಂಥ ಹಾಳೆಯ ಮೇಲಿನ ಕಸದ ನಡುವೆ ಲಾರಿ ನಂಬರೋ ತೂಕದ ಅಂಕಿಯೋ ಇಣುಕಿದರೆ ತಿಳಿಯಿರಿ, ಪ್ರಿಂಟರ್ ಸರಿಯಾಗಿಯೇ ಇದೆ, ಅದಕ್ಕೆ ಬಂದ ಚೀಟಿ ಬೇರೆಯದರದು.

ಎಲ್ಲವೂ ಒಂದು ಸಾಲಿನಲ್ಲಿದೆ

ರೂಢಿ ಪ್ರಿಂಟರ್ ಯಾವುದೆಂದು ವಿಂಡೋಸ್ ಎಲ್ಲಿ ಬರೆದಿಟ್ಟುಕೊಳ್ಳುತ್ತದೆ? ರಿಜಿಸ್ಟ್ರಿ ಎಂಬ ತನ್ನ ದಾಖಲೆಯ ಕಡತದಲ್ಲಿ, ಒಂದೇ ಒಂದು ಸಾಲಿನಲ್ಲಿ. ಅದನ್ನು ಕಣ್ಣಾರೆ ನೋಡಬಹುದು. ಸ್ಟಾರ್ಟ್ ಮೆನುವಿನಲ್ಲಿ `cmd` ಎಂದು ಟೈಪ್ ಮಾಡಿ, ಬರುವ ಕಪ್ಪು ಕಿಟಕಿಯಲ್ಲಿ ಇದನ್ನು ಕೊಡಿ:

```
reg query "HKCU\Software\Microsoft\Windows NT\CurrentVersion\Windows" /v Device
```

ಉತ್ತರವಾಗಿ ಈ ರೀತಿಯ ಸಾಲು ಬರುತ್ತದೆ:

```
Device    REG_SZ    KATA,winspool,Ne01:
```

ಮೊದಲ ಅಲ್ಪವಿರಾಮದವರೆಗೆ ಇರುವುದು ಪ್ರಿಂಟರಿನ ಹೆಸರು. ಇಲ್ಲಿ ಡಾಟ್ ಮ್ಯಾಟ್ರಿಕ್ಸಿಗೆ `KATA` ಎಂದು, ಲೇಸರಿಗೆ `BILL` ಎಂದು ಹೆಸರಿಟ್ಟಿದ್ದೇವೆ ಎಂದುಕೊಳ್ಳಿ. ಪ್ರಿಂಟರಿನ ಹೆಸರಿನೊಳಗೆ ಅಲ್ಪವಿರಾಮ ಹಾಕಲು ವಿಂಡೋಸ್ ಬಿಡುವುದಿಲ್ಲ. ಹಾಕಿದರೆ ಈ ಸಾಲನ್ನು ಎಲ್ಲಿ ತುಂಡರಿಸಬೇಕೆಂದು ತಿಳಿಯದೆ ಹೋಗುತ್ತದೆ. ಕೊನೆಯಲ್ಲಿರುವ `Ne01:` ನಿಜವಾದ ಪೋರ್ಟ್ ಅಲ್ಲ, ವಿಂಡೋಸ್ ತನ್ನ ಅನುಕೂಲಕ್ಕೆ ಕೊಡುವ ಸಂಖ್ಯೆ. ಅದು ಆಗಾಗ ಬದಲಾಗಬಹುದು. ಆದ್ದರಿಂದ ಒಂದು ಕಂಪ್ಯೂಟರಿನ ಈ ಸಾಲನ್ನು ಇನ್ನೊಂದಕ್ಕೆ ನಕಲು ಮಾಡಬಾರದು.

ಈ ಏರ್ಪಾಡು ಹಳೆಯದು. ರಿಜಿಸ್ಟ್ರಿಗಿಂತ ಮೊದಲು, ವಿಂಡೋಸ್ 3 ಆವೃತ್ತಿಗಳ ಕಾಲದಲ್ಲಿ, `win.ini` ಎಂಬ ಫೈಲಿನಲ್ಲಿ `device=` ಎಂದು ಆರಂಭವಾಗುವ ಇಂಥದೇ ಸಾಲಿತ್ತು. ಹಳೆಯ ಪ್ರೋಗ್ರಾಂಗಳು ಇಂದಿಗೂ ಕೆಲಸ ಮಾಡಲಿ ಎಂಬ ಕಾರಣಕ್ಕೆ ಆ ರೂಪ ಹಾಗೆಯೇ ಉಳಿದಿದೆ. ಕಂಪ್ಯೂಟರಿನಲ್ಲಿ ಹತ್ತು ಪ್ರಿಂಟರ್ ಇದ್ದರೂ ಸಾಲು ಒಂದೇ, ಅದರಲ್ಲಿ ಹೆಸರೂ ಒಂದೇ.

`HKCU` ಎಂದರೆ ಈಗ ಲಾಗಿನ್ ಆಗಿರುವ ಬಳಕೆದಾರರ ದಾಖಲೆ. ಅಂದರೆ ಇದು ಕಂಪ್ಯೂಟರಿಗೆ ಒಂದು ಸಾಲಲ್ಲ, ಬಳಕೆದಾರರಿಗೆ ಒಂದೊಂದು ಸಾಲು. ಈ ಮಾತು ಮುಂದೆ ಬೇಕಾಗುತ್ತದೆ.

2015ರ ನವೆಂಬರ್

ಮೊದಲು ಈ ಸಾಲನ್ನು ಬರೆಯುತ್ತಿದ್ದವರು ನಾವು. ಒಮ್ಮೆ ಆರಿಸಿದರೆ ಸಾಮಾನ್ಯವಾಗಿ ಅದು ಹಾಗೇ ಇರುತ್ತಿತ್ತು. ಲ್ಯಾಪ್‌ಟಾಪ್ ಹೆಚ್ಚಾದಂತೆ ಬೇರೆ ಬೇಡಿಕೆ ಬಂತು: ಆಫೀಸಿನಲ್ಲಿ ಒಂದು ಪ್ರಿಂಟರ್, ಮನೆಯಲ್ಲಿ ಒಂದು, ಪ್ರತಿ ಸಲ ಬದಲಿಸುವುದು ರಗಳೆ. 2009ರಲ್ಲಿ ಬಂದ ವಿಂಡೋಸ್ 7ರ ಪ್ರೊಫೆಷನಲ್ ಮತ್ತು ಅದರ ಮೇಲಿನ ಆವೃತ್ತಿಗಳಲ್ಲಿ, ಈ ನೆಟ್‌ವರ್ಕಿಗೆ ಈ ಪ್ರಿಂಟರ್, ಆ ನೆಟ್‌ವರ್ಕಿಗೆ ಆ ಪ್ರಿಂಟರ್ ಎಂದು ನಾವೇ ಪಟ್ಟಿ ಬರೆದಿಡುವ ಸೌಲಭ್ಯ ಬಂತು. ಅದು ಒಳ್ಳೆಯ ಸೌಲಭ್ಯ ಎಂದೇ ನನ್ನ ಎಣಿಕೆ, ಏಕೆಂದರೆ ನಿರ್ಧಾರ ನಮ್ಮದಾಗಿತ್ತು.

2015ರ ನವೆಂಬರಿನಲ್ಲಿ ವಿಂಡೋಸ್ 10ರ ಮೊದಲ ದೊಡ್ಡ ಅಪ್‌ಡೇಟ್ ಬಂದಾಗ ಆ ಪಟ್ಟಿ ಹೋಯಿತು. ಅದರ ಜಾಗದಲ್ಲಿ `Let Windows manage my default printer` ಎಂಬ ಆಯ್ಕೆ ಬಂತು, ಅದೂ ಮೊದಲೇ ಚಾಲೂ ಆಗಿದ್ದೇ ಬಂತು. ಅದರ ನಿಯಮ ಇಷ್ಟೇ: ಈಗಿರುವ ಜಾಗದಲ್ಲಿ ಕೊನೆಯ ಸಲ ಯಾವ ಪ್ರಿಂಟರಿಗೆ ಪ್ರಿಂಟ್ ಕೊಟ್ಟಿರೋ ಅದೇ ಇನ್ನು ರೂಢಿ ಪ್ರಿಂಟರ್.

ದಿನಾ ಹೋಗುವ ಚಹಾದ ಅಂಗಡಿಯಲ್ಲಿ ಕೂತು “ನಮ್ದ್ ಕೊಡಪಾ” ಎಂದರೆ ಸಾಕು, ಹಾಲಿನ ಚಹಾ ಬರುತ್ತದೆ. ಅಂಗಡಿಯವನಿಗೆ ನಮ್ಮ ರೂಢಿ ಗೊತ್ತು. ನಿನ್ನೆ ಗಂಟಲು ಕೆಟ್ಟಿತ್ತೆಂದು ಒಂದು ಸಲ ನಿಂಬೆ ಚಹಾ ಕೇಳಿದ್ದೆವು ಅನ್ನಿ. ಇವತ್ತು “ನಮ್ದ್ ಕೊಡಪಾ” ಎಂದಾಗ ನಿಂಬೆ ಚಹಾ ತಂದಿಟ್ಟರೆ ಹೇಗೆ? ವಿಂಡೋಸ್ ಮಾಡುತ್ತಿರುವುದು ಇದನ್ನೇ. ಕೊನೆಯ ಸಲ ಮಾಡಿದ್ದನ್ನು ಅದು ರೂಢಿ ಎಂದುಕೊಳ್ಳುತ್ತದೆ. ಮನೆಯಲ್ಲಿ ಒಂದು ಪ್ರಿಂಟರ್, ಆಫೀಸಿನಲ್ಲಿ ಒಂದು ಇರುವ ಲ್ಯಾಪ್‌ಟಾಪಿಗೆ ಇದು ಚೆನ್ನಾಗಿ ಹೊಂದುತ್ತದೆ. ಒಂದೇ ಮೇಜಿನ ಮೇಲೆ ಎರಡು ಕೆಲಸಕ್ಕೆ ಎರಡು ಪ್ರಿಂಟರ್ ಇಟ್ಟವರಿಗೆ ಹೊಂದುವುದೇ ಇಲ್ಲ.

ಒಂದು ಲಾರಿಯ ಲೆಕ್ಕ

ಈಗ ನಮ್ಮ ಕೋಣೆಯಲ್ಲಿ ನಡೆದದ್ದನ್ನು ಹೆಜ್ಜೆ ಹೆಜ್ಜೆಯಾಗಿ ನೋಡೋಣ. ಬೆಳಿಗ್ಗೆ ಸಾಲಿನಲ್ಲಿ `KATA` ಎಂದಿದೆ. ಪರಸಿ ಕಲ್ಲಿನ ಲಾರಿ ಮೊದಲು ಖಾಲಿಯಾಗಿ ಹತ್ತಿತು, 9,840 ಕಿಲೋ. ಗಣಿಯಿಂದ ತುಂಬಿಕೊಂಡು ಬಂದು ಮತ್ತೆ ಹತ್ತಿತು, 27,360 ಕಿಲೋ. ಕಲ್ಲಿನ ತೂಕ 17,520 ಕಿಲೋ. ಚೀಟಿ ಡಾಟ್ ಮ್ಯಾಟ್ರಿಕ್ಸಿನಲ್ಲಿ ಸರಿಯಾಗಿ ಬಂತು. ಅದರ ಹಿಂದಿನ ನಾಲ್ಕು ಲಾರಿಯ ಚೀಟಿಗಳೂ ಸರಿಯಾಗಿಯೇ ಬಂದಿದ್ದವು, ಏಕೆಂದರೆ ಕೊನೆಯ ಸಲ ಬಳಸಿದ್ದೂ `KATA`, ಈಗ ಬಳಸುತ್ತಿರುವುದೂ `KATA`.

ಈ ಲಾರಿಯ ಮಾಲಿನ ಬೆಲೆ 50,000 ರೂಪಾಯಿ ಮೀರಿದೆ, ಆದ್ದರಿಂದ ಇ-ವೇ ಬಿಲ್ ಬೇಕು. ಆಪರೇಟರ್ ಬ್ರೌಸರ್ ತೆರೆದು ಬಿಲ್ ತಯಾರಿಸಿ, ಪ್ರಿಂಟಿನ ಕಿಟಕಿಯಲ್ಲಿ `BILL` ಆರಿಸಿ, ಒಂದು ಹಾಳೆ ತೆಗೆದರು. ಅವರು ಮಾಡಿದ್ದೆಲ್ಲ ಸರಿ. ಆದರೆ ಆ ಕ್ಷಣದಲ್ಲಿ ವಿಂಡೋಸ್ ಹೋಗಿ ಸಾಲಿನಲ್ಲಿದ್ದ `KATA` ತೆಗೆದು `BILL` ಎಂದು ಬರೆಯಿತು. ತೆರೆಯ ಮೇಲೆ ಯಾವ ಸೂಚನೆಯೂ ಬರಲಿಲ್ಲ.

ಮುಂದಿನ ಲಾರಿ ಹತ್ತಿತು. ಕೀಲಿ ಒತ್ತಿದರು. ತೂಕದ ಸಾಫ್ಟ್‌ವೇರ್ ಸಾಲನ್ನು ಓದಿತು, `BILL` ಎಂದು ಕಂಡಿತು, ಚೀಟಿ ಲೇಸರಿಗೆ ಹೋಯಿತು.

ಇಲ್ಲಿಯವರೆಗೆ ಅನೇಕರು ಊಹಿಸಬಲ್ಲರು. ನಿಜವಾದ ತೊಡಕು ಇದರ ಮುಂದಿನ ಹೆಜ್ಜೆಯಲ್ಲಿದೆ. ತಪ್ಪಿ ಹೋದ ಆ ಚೀಟಿಯೂ ಲೇಸರಿಗೆ ಕೊಟ್ಟ ಪ್ರಿಂಟೇ ಆದ್ದರಿಂದ, ಕೊನೆಯ ಸಲ ಬಳಸಿದ ಪ್ರಿಂಟರ್ ಮತ್ತೆ `BILL` ಆಯಿತು. ಅದರ ಮುಂದಿನ ಚೀಟಿಯೂ ಅಲ್ಲಿಗೇ, ಅದರ ಮುಂದಿನದೂ ಅಲ್ಲಿಗೇ. ಕೇಳದ ಪ್ರೋಗ್ರಾಂ ಒಮ್ಮೆ ತಪ್ಪು ಪ್ರಿಂಟರಿಗೆ ಹೊರಳಿದರೆ ತಾನಾಗಿ ಮರಳಿ ಬರುವ ದಾರಿಯೇ ಇಲ್ಲ. `KATA` ಕಡೆಗೆ ಯಾರಾದರೂ ಬೇರೆ ಪ್ರೋಗ್ರಾಂನಿಂದ ಒಂದು ಪ್ರಿಂಟ್ ಕೊಡಬೇಕು. ಹಲವು ಕಡೆ ಜನ ಅನುಭವದಿಂದ ಇದನ್ನು ಕಂಡುಕೊಂಡಿದ್ದಾರೆ: ನೋಟ್‌ಪ್ಯಾಡಿನಲ್ಲಿ ಒಂದು ಚುಕ್ಕೆ ಹಾಕಿ ಡಾಟ್ ಮ್ಯಾಟ್ರಿಕ್ಸಿಗೆ ಪ್ರಿಂಟ್ ಕೊಟ್ಟರೆ ಚೀಟಿ ಮತ್ತೆ ಸರಿಯಾಗುತ್ತದೆ. ಅದು ಏಕೆ ಫಲಿಸುತ್ತದೆ ಎಂಬುದಕ್ಕೆ ಕಾರಣ ಇದೇ, ಮುಂದಿನ ಇ-ವೇ ಬಿಲ್ ತೆಗೆದೊಡನೆ ಏಕೆ ಮತ್ತೆ ಕೆಡುತ್ತದೆ ಎಂಬುದಕ್ಕೂ ಇದೇ.

ಒಂದು ಗೊಂದಲವನ್ನು ಇಲ್ಲೇ ಬಿಡಿಸಬೇಕು. ಕೆಲವು ಸಾಫ್ಟ್‌ವೇರ್‌ಗಳು ಪ್ರತಿ ಚೀಟಿಗೂ ಆ ಸಾಲನ್ನು ಓದುತ್ತವೆ. ಕೆಲವು ತೆರೆದುಕೊಳ್ಳುವಾಗ ಒಮ್ಮೆ ಓದಿ ನೆನಪಿಟ್ಟುಕೊಳ್ಳುತ್ತವೆ. ಎರಡನೆಯ ಬಗೆಯದರಲ್ಲಿ ಬಿಲ್ ತೆಗೆದ ಮೇಲೂ ಸಂಜೆಯವರೆಗೆ ಚೀಟಿ ಸರಿಯಾಗಿಯೇ ಬರುತ್ತದೆ. ಮರುದಿನ ಬೆಳಿಗ್ಗೆ ಪ್ರೋಗ್ರಾಂ ತೆರೆದಾಗ ಕೆಟ್ಟಿರುತ್ತದೆ. ರಾತ್ರಿ ಯಾರೋ ಏನೋ ಮಾಡಿದ್ದಾರೆಂದು ವಾಚ್‌ಮನ್ ಮೇಲೆ ಅನುಮಾನ ಬರುತ್ತದೆ. ಸಾಲು ಬದಲಾದದ್ದು ಹಿಂದಿನ ದಿನದ ಬಿಲ್ಲಿನಿಂದ. ಇದೇ ಕಾರಣಕ್ಕೆ, ಸರಿಪಡಿಸಿದ ಮೇಲೂ ತೂಕದ ಪ್ರೋಗ್ರಾಂ ಮುಚ್ಚಿ ಮತ್ತೆ ತೆರೆದು ನೋಡಬೇಕು.

ಆಯ್ಕೆ ನಿಲ್ಲಿಸುವುದು

ಮಾಡಬೇಕಾದ್ದು ಎರಡು ಕೆಲಸ, ಈ ಕ್ರಮದಲ್ಲೇ: ಮೊದಲು ಆ ಸಾಲನ್ನು ಬರೆಯುವ ಅಧಿಕಾರವನ್ನು ವಿಂಡೋಸಿನಿಂದ ಹಿಂಪಡೆಯುವುದು, ಆಮೇಲೆ ನಮಗೆ ಬೇಕಾದ ಹೆಸರು ಬರೆಯುವುದು.

ವಿಂಡೋಸ್ 11ರಲ್ಲಿ `Settings` ತೆರೆದು `Bluetooth & devices`, ಅದರೊಳಗೆ `Printers & scanners` ಒತ್ತಿ. ಪ್ರಿಂಟರ್‌ಗಳ ಪಟ್ಟಿಯ ಕೆಳಗೆ ಹೋದರೆ `Let Windows manage my default printer` ಎಂಬ ಸ್ವಿಚ್ ಇದೆ. ಅದನ್ನು `Off` ಮಾಡಿ. ಬಳಿಕ ಮೇಲಿನ ಪಟ್ಟಿಯಲ್ಲಿ `KATA` ಮೇಲೆ ಒತ್ತಿದರೆ `Set as default` ಎಂಬ ಗುಂಡಿ ಕಾಣುತ್ತದೆ, ಅದನ್ನು ಒತ್ತಿ. ವಿಂಡೋಸ್ 10ರಲ್ಲಿ ದಾರಿ ಸ್ವಲ್ಪ ಬೇರೆ: `Settings`, `Devices`, `Printers & scanners`. ಅಲ್ಲಿ ಅದೇ ವಾಕ್ಯದ ಮುಂದಿನ ಗುರುತು ತೆಗೆದು, ಪ್ರಿಂಟರ್ ಆರಿಸಿ, `Manage` ಒತ್ತಿ, `Set as default` ಕೊಡಬೇಕು.

ಸ್ವಿಚ್ ಆಫ್ ಮಾಡದೆ ನೇರವಾಗಿ ಪ್ರಿಂಟರ್ ಮೇಲೆ ಒತ್ತಿದವರಿಗೆ ಆ ಗುಂಡಿಯೇ ಸಿಗುವುದಿಲ್ಲ. ಫೋನಿನಲ್ಲಿ ಹೇಳಿಕೊಡುವಾಗ ಹೆಚ್ಚಿನವರು ಸಿಕ್ಕಿಬೀಳುವುದು ಇಲ್ಲೇ. “ನಂದ್ರಾಗ ಆ ಆಪ್ಷನ್ ಇಲ್ರೀ” ಎನ್ನುತ್ತಾರೆ. ಹಳೆಯ ಕಂಟ್ರೋಲ್ ಪ್ಯಾನಲ್ ದಾರಿಯಿಂದ ಹೋದವರಿಗೆ, ಹೀಗೆ ಮಾಡಿದರೆ ವಿಂಡೋಸ್ ಇನ್ನು ರೂಢಿ ಪ್ರಿಂಟರ್ ನೋಡಿಕೊಳ್ಳುವುದಿಲ್ಲ ಎಂಬ ಎಚ್ಚರಿಕೆ ಬರುತ್ತದೆ. ಎಚ್ಚರಿಕೆ ಎಂದೊಡನೆ ಹೆದರಿ `Cancel` ಒತ್ತುವವರು ಬಹಳ. ಅಲ್ಲಿ `OK` ಒತ್ತಬೇಕು. ನಮಗೆ ಬೇಕಾದ್ದೂ ಅದೇ.

ಐದಾರು ಕಂಪ್ಯೂಟರ್ ನೋಡಿಕೊಳ್ಳುವವರಿಗೆ ಇದೇ ಕೆಲಸ ಎರಡು ಸಾಲಿನಲ್ಲಿ ಮುಗಿಯುತ್ತದೆ:

```
reg add "HKCU\Software\Microsoft\Windows NT\CurrentVersion\Windows" /v LegacyDefaultPrinterMode /t REG_DWORD /d 1 /f
rundll32 printui.dll,PrintUIEntry /y /n "KATA"
```

ಮೊದಲ ಸಾಲಿನ `1` ಎಂದರೆ ಆಯ್ಕೆ ಬಳಕೆದಾರರದು. `0` ಎಂದರೆ ವಿಂಡೋಸಿನದು. ಎರಡನೆಯ ಸಾಲು `KATA` ಹೆಸರನ್ನು ರೂಢಿ ಪ್ರಿಂಟರ್ ಆಗಿ ಬರೆಯುತ್ತದೆ. ಅಲ್ಲಿ ಹೆಸರು ತೆರೆಯ ಮೇಲೆ ಕಾಣುವಂತೆಯೇ ಇರಬೇಕು, ನಡುವಿನ ಖಾಲಿ ಜಾಗವೂ ಸೇರಿ.

ಕೆಲಸ ಆಯಿತೋ ಇಲ್ಲವೋ ಎಂದು ತಿಳಿಯಲು ಕಾಯುತ್ತ ಕೂರಬೇಕಿಲ್ಲ. ಬ್ರೌಸರಿನಿಂದ ಬೇಕೆಂದೇ `BILL`ಗೆ ಒಂದು ಹಾಳೆ ಕೊಡಿ. ಆಮೇಲೆ ಮೇಲೆ ಹೇಳಿದ `reg query` ಸಾಲನ್ನು ಮತ್ತೆ ಓಡಿಸಿ. `KATA` ಎಂದೇ ಇದ್ದರೆ ಸ್ವಿಚ್ ನಿಂತಿದೆ. ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ ಇನ್ನೊಮ್ಮೆ ಓಡಿಸಿ ನೋಡಿ.

ರೂಢಿಯ ಜಾಗ ಯಾರಿಗೆ?

ಯಾವ ಪ್ರಿಂಟರನ್ನು ರೂಢಿಯದಾಗಿ ಇಡಬೇಕೆಂದು ಕೇಳಿದರೆ ಹೆಚ್ಚಿನವರು, ಹೆಚ್ಚು ಬಳಸುವುದನ್ನು ಎನ್ನುತ್ತಾರೆ. ನನ್ನ ಅಭಿಪ್ರಾಯ ಬೇರೆ. ಆ ಜಾಗ ಕೇಳದ ಪ್ರೋಗ್ರಾಂನ ಪ್ರಿಂಟರಿಗೆ ಸಲ್ಲಬೇಕು. ದಿನಕ್ಕೆ ನೂರು ಬಿಲ್ಲು, ಹತ್ತೇ ಚೀಟಿ ಇದ್ದರೂ ಹಾಗೆಯೇ. ಬ್ರೌಸರ್, ವರ್ಡ್ ನಮ್ಮನ್ನು ಕೇಳುತ್ತವೆ, ಅಲ್ಲಿ ಲೇಸರ್ ಆರಿಸಿಕೊಳ್ಳಬಹುದು. ತೂಕದ ಸಾಫ್ಟ್‌ವೇರಿಗೆ ಆ ಒಂದು ಸಾಲು ಬಿಟ್ಟರೆ ಬೇರೆ ಆಸರೆ ಇಲ್ಲ.

ಕ್ರೋಮ್‌ನಂಥ ಬ್ರೌಸರ್ ತಾನು ಕೊನೆಯ ಸಲ ಕಳಿಸಿದ ಪ್ರಿಂಟರನ್ನು ತನ್ನೊಳಗೇ ನೆನಪಿಟ್ಟುಕೊಳ್ಳುತ್ತದೆ. ಹೀಗಾಗಿ ಬಿಲ್ಲುಗಳಿಗೆ ಪ್ರತಿ ಸಲ ಲೇಸರ್ ಆರಿಸುವ ಶ್ರಮವೂ ಸಾಮಾನ್ಯವಾಗಿ ಇರುವುದಿಲ್ಲ. ಆದರೆ ಇದರಿಂದಲೇ ಇನ್ನೊಂದು ತಪ್ಪು ತಿಳಿವಳಿಕೆ ಹುಟ್ಟುತ್ತದೆ. ಯಾರೋ ಒಮ್ಮೆ ಬಿಲ್ಲನ್ನು ಪಿಡಿಎಫ್ ಆಗಿ ಉಳಿಸಿರುತ್ತಾರೆ. ಮುಂದಿನ ಸಲ ಬ್ರೌಸರ್ `Save as PDF` ತೋರಿಸುತ್ತದೆ. ಇದನ್ನು ಕಂಡು ವಿಂಡೋಸ್ ಮತ್ತೆ ಬದಲಿಸಿತು ಎನ್ನುತ್ತಾರೆ. ಅದು ಬ್ರೌಸರಿನ ನೆನಪು, ವಿಂಡೋಸಿನ ಸಾಲಿಗೂ ಅದಕ್ಕೂ ಸಂಬಂಧವಿಲ್ಲ. ಅಲ್ಲೇ ಲೇಸರ್ ಆರಿಸಿದರೆ ಮುಗಿಯಿತು.

ತೂಕದ ಸಾಫ್ಟ್‌ವೇರಿನ ಸೆಟಪ್ಪಿನಲ್ಲಿ ಪ್ರಿಂಟರ್ ಹೆಸರು ಆರಿಸುವ ಅವಕಾಶವಿದ್ದರೆ ಅದನ್ನೇ ಬಳಸಿ. ಆಗ ಪ್ರೋಗ್ರಾಂ ಹೆಸರು ಹಿಡಿದು ಪ್ರಿಂಟ್ ಕೊಡುತ್ತದೆ, ರೂಢಿಯ ಸಾಲನ್ನು ನೋಡುವುದೇ ಇಲ್ಲ. ಇದಕ್ಕಿಂತ ಗಟ್ಟಿ ಪರಿಹಾರ ಇಲ್ಲ. ಹಾಗೆ ಮಾಡಿದ ಮೇಲೆ ಮಾತ್ರ ಪ್ರಿಂಟರಿನ ಹೆಸರು ಬದಲಿಸಬೇಡಿ. `KATA` ಎಂಬ ಹೆಸರಿನ ಪ್ರಿಂಟರ್ ಸಿಗದಿದ್ದರೆ ಪ್ರೋಗ್ರಾಂ ನಿಂತುಬಿಡಬಹುದು.

ಸ್ವಿಚ್ ಆರಿಸಿದ ಮೇಲೂ ಬದಲಾದರೆ

ಇಷ್ಟೆಲ್ಲ ಮಾಡಿಯೂ ಚೀಟಿ ಬರುತ್ತಿಲ್ಲ ಎನ್ನುವ ಕೋಣೆಗಳಿವೆ. ಅಲ್ಲಿ ಸಾಮಾನ್ಯವಾಗಿ ಸಾಲು ಬದಲಾಗಿರುವುದಿಲ್ಲ. ಅದರಲ್ಲಿ ಬರೆದ ಹೆಸರಿನ ಪ್ರಿಂಟರ್ ವಿಂಡೋಸಿಗೆ ಸಿಗುತ್ತಿರುವುದಿಲ್ಲ.

ಧೂಳು ಒರೆಸುವಾಗಲೋ ಕಂಪ್ಯೂಟರ್ ಸರಿಸುವಾಗಲೋ ಯುಎಸ್‌ಬಿ ಕೇಬಲ್ ತೆಗೆದು ಪಕ್ಕದ ಕಿಂಡಿಗೆ ಚುಚ್ಚುವುದು ಮಾಮೂಲು. ಪ್ರಿಂಟರಿನೊಳಗೆ ಅದರದೇ ಸೀರಿಯಲ್ ನಂಬರ್ ಬರೆದಿದ್ದು, ಅದನ್ನು ಅದು ಕಂಪ್ಯೂಟರಿಗೆ ತಿಳಿಸುವಂತಿದ್ದರೆ, ಯಾವ ಕಿಂಡಿಗೆ ಚುಚ್ಚಿದರೂ ವಿಂಡೋಸ್ ಅದನ್ನು ಗುರುತಿಸುತ್ತದೆ. ಎಲ್ಲ ಪ್ರಿಂಟರ್‌ಗಳೂ ಹಾಗಿಲ್ಲ. ನಂಬರ್ ತಿಳಿಸದ ಪ್ರಿಂಟರಿಗೆ ವಿಂಡೋಸಿನ ಬಳಿ ಇರುವ ಗುರುತು ಆ ಕಿಂಡಿಯೊಂದೇ. ಕಿಂಡಿ ಬದಲಾದರೆ ಅದು ಹೊಸ ಪ್ರಿಂಟರ್ ಎಂದುಕೊಂಡು, ಕಂಪನಿಯ ಮಾದರಿ ಹೆಸರಿನಲ್ಲೇ ಇನ್ನೊಂದು ಪ್ರಿಂಟರ್ ಸೃಷ್ಟಿಸುತ್ತದೆ. ಆ ಹೆಸರು ಮೊದಲೇ ಇದ್ದರೆ ಕೊನೆಗೆ `(Copy 1)` ಎಂದು ಸೇರಿಸುತ್ತದೆ. ರೂಢಿಯ ಸಾಲಿನಲ್ಲಿ ಹಳೆಯ `KATA` ಹಾಗೆಯೇ ಇದೆ, ಆದರೆ ಅದು ತೋರಿಸುವ ಕಿಂಡಿ ಖಾಲಿ. ಚೀಟಿಗಳು ಹೊರಬರದೆ ಸರದಿಯಲ್ಲಿ ಕೂರುತ್ತವೆ.

ಪಟ್ಟಿಯಲ್ಲಿ ಇಂಥ ಜೋಡಿ ಕಂಡರೆ ಕೇಬಲನ್ನು ಮೊದಲಿನ ಕಿಂಡಿಗೆ ಮರಳಿ ಚುಚ್ಚುವುದೇ ಸುಲಭದ ದಾರಿ. ಯಾವ ಕಿಂಡಿ ಎಂದು ನೆನಪಿಲ್ಲದಿದ್ದರೆ, `KATA`ದ `Printer properties` ತೆರೆದು `Ports` ಎಂಬ ಪುಟಕ್ಕೆ ಹೋಗಿ. ಅಲ್ಲಿ `USB001`, `USB002` ಎಂಬ ಸಾಲುಗಳಿವೆ. ಹೊಸದಾಗಿ ಹುಟ್ಟಿದ ಪ್ರಿಂಟರ್ ಯಾವ ಸಾಲಿನ ಮುಂದಿದೆಯೋ ಆ ಸಾಲಿಗೆ `KATA`ದ ಗುರುತು ಹಾಕಿ `Apply` ಕೊಡಿ. ಚೀಟಿ ಬಂದ ಮೇಲೆ ಹೊಸದನ್ನು ಅಳಿಸಿ. ಕೇಬಲಿಗೂ ಕಿಂಡಿಗೂ ಒಂದೇ ಬಣ್ಣದ ಟೇಪ್ ಅಂಟಿಸಿಡುವುದು ಮುಂದಿನ ಸಲದ ತೊಂದರೆ ತಪ್ಪಿಸುತ್ತದೆ.

ಕರೆಂಟ್ ಹೋಗಿ ಬಂದಾಗ ಆಗುವುದು ಇದಕ್ಕಿಂತ ಬೇರೆ. ಕಂಪ್ಯೂಟರ್ ಯುಪಿಎಸ್ ಮೇಲಿರುತ್ತದೆ, ಡಾಟ್ ಮ್ಯಾಟ್ರಿಕ್ಸ್ ಇರುವುದಿಲ್ಲ. ಪ್ರಿಂಟರ್ ಆಫ್ ಇದ್ದಾಗ ಪಟ್ಟಿಯಲ್ಲಿ `Offline` ಎಂದು ತೋರಿಸಿದರೂ, ಸ್ವಿಚ್ ಆರಿಸಿದ್ದರೆ ರೂಢಿಯ ಸಾಲು ಅಲುಗುವುದಿಲ್ಲ. ಗಾಬರಿಯಲ್ಲಿ ನಾಲ್ಕು ಸಲ ಕೀಲಿ ಒತ್ತಿದ್ದರೆ ಕರೆಂಟ್ ಬಂದೊಡನೆ ಒಂದೇ ಚೀಟಿ ನಾಲ್ಕು ಸಲ ಬರುತ್ತದೆ. ಒಂದೇ ತೂಕಕ್ಕೆ ನಾಲ್ಕು ಚೀಟಿ ಹೊರಗೆ ಹೋಗುವುದು ಲೆಕ್ಕಕ್ಕೆ ಒಳ್ಳೆಯದಲ್ಲ. ಹೆಚ್ಚಿನವನ್ನು ಸರದಿಯಲ್ಲೇ ಅಳಿಸಿ, ಆಮೇಲೆ ಪ್ರಿಂಟರ್ ಹಚ್ಚಿ.

ಇನ್ನು ಬಳಕೆದಾರರ ವಿಷಯ. ಹಗಲಿನವರು ಒಂದು ಹೆಸರಿನಲ್ಲಿ, ರಾತ್ರಿ ಪಾಳಿಯವರು ಇನ್ನೊಂದು ಹೆಸರಿನಲ್ಲಿ ಲಾಗಿನ್ ಆಗುತ್ತಿದ್ದರೆ ಸಾಲೂ ಎರಡು, ಸ್ವಿಚ್ಚೂ ಎರಡು. ಹಗಲಿನವರ ಲಾಗಿನ್ನಿನಲ್ಲಿ ಮಾಡಿದ ರಿಪೇರಿ ರಾತ್ರಿಯವರಿಗೆ ತಲುಪುವುದಿಲ್ಲ. ಪ್ರತಿ ಲಾಗಿನ್ನಿನಲ್ಲೂ ಬೇರೆಯಾಗಿ ಮಾಡಬೇಕು. ರಿಪೇರಿಗೆ ಬಂದವರು ತಮ್ಮ ಅಡ್ಮಿನ್ ಹೆಸರು, ಪಾಸ್‌ವರ್ಡ್ ಕೊಟ್ಟು ಕಪ್ಪು ಕಿಟಕಿ ತೆರೆದು ಮೇಲಿನ ಎರಡು ಸಾಲು ಓಡಿಸಿದರೂ ಇದೇ ತಪ್ಪಾಗುತ್ತದೆ: ಸಾಲು ಸರಿಯಾಗುವುದು ಅಡ್ಮಿನ್ ಖಾತೆಯಲ್ಲಿ, ಚೀಟಿ ತೆಗೆಯುವವರ ಖಾತೆಯಲ್ಲಿ ಅಲ್ಲ. ಎಲ್ಲ ಸರಿಯಾಗಿದೆ ಎಂದು ಹೇಳಿ ಅವರು ಹೊರಟು ಹೋಗುತ್ತಾರೆ, ಮುಂದಿನ ಲಾರಿಗೆ ಮತ್ತೆ ಅದೇ ಕಥೆ. ಈ ಸಾಲುಗಳಿಗೆ ಅಡ್ಮಿನ್ ಅಧಿಕಾರ ಬೇಕಿಲ್ಲ. ಚೀಟಿ ತೆಗೆಯುವವರ ಲಾಗಿನ್ನಿನಲ್ಲೇ ಸಾದಾ ಕಿಟಕಿ ತೆರೆದು ಓಡಿಸಬೇಕು.

ಹೊಸ ಪ್ರಿಂಟರ್ ಹಾಕುವಾಗಲೂ ಎಚ್ಚರ ಬೇಕು. ಅದರ ಇನ್‌ಸ್ಟಾಲ್ ಪ್ರೋಗ್ರಾಂ ಕೊನೆಯ ಪುಟದಲ್ಲಿ ಇದನ್ನೇ ರೂಢಿಯ ಪ್ರಿಂಟರ್ ಮಾಡಲೇ ಎಂದು ಮೊದಲೇ ಗುರುತು ಹಾಕಿ ಇಟ್ಟಿರಬಹುದು. ಓದದೆ ಮುಂದೆ ಹೋದರೆ ಸಾಲು ಬದಲಾಯಿತು. ವಿಂಡೋಸಿನ ದೊಡ್ಡ ಅಪ್‌ಡೇಟ್ ಆದ ಮೇಲೂ, ವಿಂಡೋಸ್ 10ರಿಂದ 11ಕ್ಕೆ ಹೋದ ಮೇಲೂ ಸ್ವಿಚ್ ಆರಿದ್ದೇ ಇದೆಯೇ ಎಂದು ಒಮ್ಮೆ ನೋಡುವುದು ಒಳ್ಳೆಯದು.

ಕಾರಣ ಹುಡುಕಲು ಸಮಯವಿಲ್ಲದ ಕಡೆ ಒಂದು ತಾತ್ಕಾಲಿಕ ಉಪಾಯವಿದೆ. ನೋಟ್‌ಪ್ಯಾಡಿನಲ್ಲಿ `rundll32` ಎಂದು ಆರಂಭವಾಗುವ ಆ ಸಾಲನ್ನು ಬರೆದು, ಉದ್ಧರಣ ಚಿಹ್ನೆಗಳ ಸಮೇತ `"kata.bat"` ಎಂದು ಹೆಸರು ಕೊಟ್ಟು ಉಳಿಸಿ. ವಿಂಡೋಸ್ ಕೀಲಿಯ ಜೊತೆ R ಒತ್ತಿ `shell:startup` ಎಂದು ಕೊಟ್ಟರೆ ಒಂದು ಫೋಲ್ಡರ್ ತೆರೆಯುತ್ತದೆ; ಫೈಲನ್ನು ಅದರೊಳಗೆ ಇಡಿ. ಪ್ರತಿ ಬಾರಿ ಲಾಗಿನ್ ಆದಾಗ ಸಾಲಿನಲ್ಲಿ `KATA` ಎಂದು ಬರೆಯಲ್ಪಡುತ್ತದೆ. ಸ್ವಿಚ್ ಚಾಲೂ ಇದ್ದರೆ ಮೊದಲ ಇ-ವೇ ಬಿಲ್ಲಿಗೆ ಅದು ಮತ್ತೆ ಅಳಿಸಿಹೋಗಬಹುದು, ಆದ್ದರಿಂದ ಸ್ವಿಚ್ ಆರಿಸುವ ಕೆಲಸಕ್ಕೆ ಇದು ಬದಲಿಯಲ್ಲ. ಫೈಲಿನ ಒಂದು ಪ್ರತಿಯನ್ನು ಡೆಸ್ಕ್‌ಟಾಪಿನ ಮೇಲೂ ಇಟ್ಟರೆ, ಚೀಟಿ ತಪ್ಪು ಕಡೆ ಹೋದಾಗ ಆಪರೇಟರ್ ಅದರ ಮೇಲೆ ಎರಡು ಸಲ ಒತ್ತಿ, ತೂಕದ ಪ್ರೋಗ್ರಾಂ ಮುಚ್ಚಿ ತೆರೆದು, ಕಾಟಾದ ಮೇಲೆ ನಿಂತ ಲಾರಿಯ ಚೀಟಿಯನ್ನು ತಡವಿಲ್ಲದೆ ತೆಗೆದುಕೊಡಬಹುದು.